ಸಿಮಿಲಾರಿಟಿ ಕಡಿಮೆ ಇದ್ದ ಪ್ರಾಜೆಕ್ಟ್, ಇಲ್ಲದ ಲೇಖನಗಳು

ನಾನು ಹಾಸನದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಪಿಜಿ ಪ್ರಾಜೆಕ್ಟ್‌ಗಳ ಸಿಮಿಲಾರಿಟಿ ರಿಪೋರ್ಟ್, ಅಂದರೆ ಬರಹ ಬೇರೆ ಕಡೆಯ ಬರಹಕ್ಕೆ ಎಷ್ಟು ಹೊಂದುತ್ತದೆ ಅಂತ ಸಾಫ್ಟ್‌ವೇರ್ ಹೇಳುವ ಲೆಕ್ಕ, ತೆಗೆದು ಕೊಡೋದು ನನ್ನ ಕೆಲಸ. ಫಾರ್ಮ್‌ನಲ್ಲಿ ಒಂದೇ ಕಾಲಂ ಇರುತ್ತದೆ, ಶೇಕಡಾ ಎಷ್ಟು ಅಂತ. ಹತ್ತರ ಒಳಗಿದ್ದರೆ ಸಹಿ, ಸೀಲ್, ಮುಂದಿನವರು. ಕಳೆದ ಸಲದ ಎಂಎ ಎಕನಾಮಿಕ್ಸ್ ವೈವಾದಲ್ಲಿ ನಡೆದದ್ದು ಇನ್ನೂ ಮನಸ್ಸಿಗೆ ಚುಚ್ಚುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಪ್ರಾಜೆಕ್ಟ್ ಸಕಲೇಶಪುರ ಕಡೆಯ ಕಾಫಿ ತೋಟಗಳ ಕೂಲಿ ಹೆಣ್ಣುಮಕ್ಕಳ ಬಗ್ಗೆ ಇತ್ತು. ಸಿಮಿಲಾರಿಟಿ 6% ಮಾತ್ರ. ಗೈಡ್ ಮೇಡಂ ಖುಷಿಯಲ್ಲಿದ್ದರು. ಆದರೆ ಆ ಶೇಕಡಾ ಹೇಗೆ ಬರುತ್ತದೆ ಅನ್ನೋದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಯುಜಿಸಿ 2018ರ ನಿಯಮದಲ್ಲೇ ರೆಫರೆನ್ಸ್ ಪಟ್ಟಿಯನ್ನು ಲೆಕ್ಕದಿಂದ ಹೊರಗಿಡಬೇಕು ಅಂತ ಇದೆ. ಅದು ಸರಿಯೇ. ಒಂದೇ ಪುಸ್ತಕವನ್ನು ನೂರು ಜನ ಉಲ್ಲೇಖಿಸಿದರೆ ನೂರು ಜನರದ್ದೂ ಒಂದೇ ಸಾಲು ಬರುತ್ತದೆ, ಅದು ಕದ್ದದ್ದಲ್ಲ. ಆದರೆ ಇದರಿಂದ ಏನಾಗುತ್ತದೆ ಅಂದ್ರೆ, ಸಾಫ್ಟ್‌ವೇರ್ ಆ ಪಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅದರ ಕೆಲಸ ಬರಹ ಬೇರೆ ಎಲ್ಲಾದರೂ ಇದೆಯಾ ಅಂತ ಹುಡುಕುವುದು. ಪಟ್ಟಿಯಲ್ಲಿರುವ ಲೇಖನ ನಿಜಕ್ಕೂ ಇದೆಯಾ ಅಂತ ಹುಡುಕುವುದಲ್ಲ. ಎಲ್ಲೂ ಇಲ್ಲದ ಲೇಖನದ ಬಗ್ಗೆ ಬರೆದ ವಾಕ್ಯ ಎಲ್ಲಿಯ ಬರಹಕ್ಕೂ ಹೊಂದುವುದಿಲ್ಲ. ಹಾಗಾಗಿ ಸುಳ್ಳು ಜಾಸ್ತಿ ಇದ್ದಷ್ಟೂ ಶೇಕಡಾ ಕಡಿಮೆಯಾಗಬಹುದು.

ವೈವಾ ದಿನ ಎಕ್ಸ್‌ಟರ್ನಲ್ ಆಗಿ ಬಂದವರು ಇದೇ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ರೆಫರೆನ್ಸ್ ಪುಟ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟು, 'ಈ ಲೇಖನ ನಾನು ನೋಡೇ ಇಲ್ವಲ್ಲಮ್ಮ, ಕಾಪಿ ಇದ್ಯಾ?' ಅಂದರು. ಹುಡುಗಿ ಸುಮ್ಮನೆ ನಿಂತಳು. ಎಚ್‌ಒಡಿ ಅಟೆಂಡರನ್ನು ಲೈಬ್ರರಿಗೆ ಓಡಿಸಿದರು. ನಾನು ಲ್ಯಾಪ್‌ಟಾಪ್ ಹಿಡಿದು ಹೋದೆ.

ಎಕ್ಸ್‌ಟರ್ನಲ್ ತೋರಿಸಿದ ಸಾಲು 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯದ್ದು. 2014, ಸಂಪುಟ 52, ಸಂಚಿಕೆ 7, ಆಗಸ್ಟ್ ಅಂತ ಇತ್ತು. ಇದಕ್ಕೆ ಇಂಟರ್‌ನೆಟ್ ಕೂಡ ಬೇಕಿಲ್ಲ. ಆ ಪತ್ರಿಕೆ ಈ ಹೆಸರಿನಲ್ಲಿ ಶುರುವಾಗಿದ್ದು 1966ರಲ್ಲಿ, ಅದೇ ಸಂಪುಟ 1. ವರ್ಷಕ್ಕೆ ಒಂದು ಸಂಪುಟ. ಅಂದ್ರೆ ಇಸವಿಯಲ್ಲಿ 1965 ಕಳೆದರೆ ಸಂಪುಟ ಸಿಗುತ್ತದೆ. 2014 ಅಂದರೆ 49. ಸಂಪುಟ 52 ಬರಬೇಕಿದ್ದದ್ದು 2017ರಲ್ಲಿ. ಇನ್ನು ಅದು ವಾರಪತ್ರಿಕೆ. ಏಳನೇ ಸಂಚಿಕೆ ಫೆಬ್ರವರಿ ಮಧ್ಯದಲ್ಲಿ ಬರುತ್ತದೆ, ಆಗಸ್ಟ್‌ನಲ್ಲಿ ಅಲ್ಲ. ಒಂದೇ ಸಾಲಿನಲ್ಲಿ ಇಸವಿ, ಸಂಪುಟ, ತಿಂಗಳು ಮೂರೂ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಎಚ್‌ಒಡಿ, 'ಟೈಪಿಂಗ್ ಮಿಸ್ಟೇಕ್ ಇರ್ಬಹುದು ಸರ್' ಅಂದರು. ನ್ಯಾಯವಾದ ಮಾತು. ಮನುಷ್ಯರು ರೆಫರೆನ್ಸ್ ಬರೆಯುವಾಗ ತಪ್ಪು ಮಾಡೇ ಮಾಡುತ್ತಾರೆ. ಪುಟದ ಸಂಖ್ಯೆ ಅದಲುಬದಲಾಗುತ್ತದೆ, ಇಸವಿ ಬಿಟ್ಟುಹೋಗುತ್ತದೆ, ಹೆಸರಿನ ಸ್ಪೆಲ್ಲಿಂಗ್ ಕೆಡುತ್ತದೆ. ಆದರೆ ಅಂಥ ತಪ್ಪು ಸಾಲಿನ ಶೀರ್ಷಿಕೆಯನ್ನು ಹುಡುಕಿದರೆ ನಿಜವಾದ ಲೇಖನ ಎದುರಿಗೆ ಬಂದು ನಿಲ್ಲುತ್ತದೆ. ಇಲ್ಲಿ ಎಲ್ಲ ಅಚ್ಚುಕಟ್ಟಾಗಿತ್ತು. ಕಾಮಾ, ಇಟಾಲಿಕ್, ಪುಟಗಳು ಯಾವುದೂ ಬಿಟ್ಟಿರಲಿಲ್ಲ. ಶೀರ್ಷಿಕೆ ಹುಡುಕಿದರೆ ಮಾತ್ರ ಏನೂ ಇಲ್ಲ.

ಎರಡನೆಯದು 'ವರ್ಲ್ಡ್ ಡೆವಲಪ್‌ಮೆಂಟ್' ಪತ್ರಿಕೆಯ ಹೆಸರಿನಲ್ಲಿತ್ತು. ಅದಕ್ಕೆ ಡಿಒಐ, ಅಂದರೆ ಲೇಖನಕ್ಕೆ ಕೊಡುವ ಕಾಯಂ ಗುರುತಿನ ನಂಬರ್ ಕೂಡ ಕೊಟ್ಟಿದ್ದಳು. ಡಿಒಐ ನೋಡಿದ ಕೂಡಲೇ ಬಹಳ ಜನ ನಂಬಿಬಿಡುತ್ತಾರೆ, ಅಲ್ವಾ? ಆ ನಂಬರಿನ ಶುರು ಹೀಗಿತ್ತು:

```
10.1016/j.jrurstud.
```

ಮೊದಲ ಭಾಗ ಪ್ರಕಾಶಕರದ್ದು. 10.1016 ಅಂದರೆ ಎಲ್ಸೆವಿಯರ್. ಅಲ್ಲಿಗೆ ಸರಿ, 'ವರ್ಲ್ಡ್ ಡೆವಲಪ್‌ಮೆಂಟ್' ಅವರದ್ದೇ. ಆದರೆ jrurstud ಅನ್ನೋದು 'ಜರ್ನಲ್ ಆಫ್ ರೂರಲ್ ಸ್ಟಡೀಸ್' ಅನ್ನೋ ಬೇರೆ ಪತ್ರಿಕೆಯ ಗುರುತು. 'ವರ್ಲ್ಡ್ ಡೆವಲಪ್‌ಮೆಂಟ್' ಲೇಖನವಾಗಿದ್ದರೆ ಆ ಜಾಗದಲ್ಲಿ worlddev ಇರಬೇಕಿತ್ತು. doi.org ನಲ್ಲಿ ಪೂರ್ತಿ ನಂಬರ್ ಹಾಕಿದೆ. DOI Not Found ಅಂತ ಬಂತು. ಅಷ್ಟಕ್ಕೇ ನಿಲ್ಲಿಸಬಾರದು. ಪಿಡಿಎಫ್‌ನಿಂದ ಕಾಪಿ ಮಾಡುವಾಗ ಕೊನೆಗೆ ಒಂದು ಫುಲ್‌ಸ್ಟಾಪ್ ಅಂಟಿಕೊಂಡರೂ, ಸಾಲು ಮುರಿದು ಒಂದು ಅಂಕಿ ಬಿಟ್ಟುಹೋದರೂ ಇದೇ ಮೆಸೇಜ್ ಬರುತ್ತದೆ. ಅದಕ್ಕೇ ಶೀರ್ಷಿಕೆಯನ್ನು ಡಿಒಐ ನೋಂದಣಿ ಮಾಡುವ ಕ್ರಾಸ್‌ರೆಫ್ ಸಂಸ್ಥೆಯ search.crossref.org ನಲ್ಲೂ ಹಾಕಿದೆ. ಹತ್ತಿರ ಹತ್ತಿರದ ಹೆಸರಿನವು ಬಂದವು, ಇದು ಬರಲಿಲ್ಲ. ಮೂರನೆಯದರ ಡಿಒಐ ತೆರೆಯಿತು. ಬಂದದ್ದು ಮಣ್ಣಿನ ರಸಾಯನದ ಬಗ್ಗೆ ಇರುವ ಲೇಖನ.

ಆಗ ಹುಡುಗಿ ಮೊದಲ ಸಲ ಬಾಯಿಬಿಟ್ಟಳು. 'ಸರ್, ನಾಲ್ಕನೇದು ಗೂಗಲ್ ಸ್ಕಾಲರ್‌ನಲ್ಲಿ ಇದೆ' ಅಂತ ಫೋನ್ ಮುಂದೆ ಹಿಡಿದಳು. ನೋಡಿದರೆ ನಿಜಕ್ಕೂ ಇತ್ತು! ಗೈಡ್ ಮೇಡಂ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಎಕ್ಸ್‌ಟರ್ನಲ್ ನನ್ನ ಮುಖ ನೋಡಿದರು. ಶೀರ್ಷಿಕೆಗೆ ಮೊದಲು [CITATION] ಅಂತ ಇತ್ತು, ಶೀರ್ಷಿಕೆಗೆ ಲಿಂಕ್ ಇರಲಿಲ್ಲ. ಆ ಗುರುತಿನ ಅರ್ಥ ಸ್ಕಾಲರ್‌ಗೆ ಲೇಖನ ಸಿಕ್ಕಿಲ್ಲ, ಬೇರೆ ಯಾರೋ ಅದನ್ನು ತಮ್ಮ ಪಟ್ಟಿಯಲ್ಲಿ ಬರೆದದ್ದು ಮಾತ್ರ ಸಿಕ್ಕಿದೆ ಅಂತ. ಹಳೆಯ ಪುಸ್ತಕಗಳಿಗೂ ಹೀಗೆ ಬರುತ್ತದೆ, ಹಾಗಾಗಿ ಇದೊಂದೇ ನೋಡಿ ಸುಳ್ಳು ಅನ್ನೋಕಾಗಲ್ಲ. Cited by ಒತ್ತಿದೆ. ಇತ್ತೀಚಿನ ಒಂದೇ ಒಂದು ಪೇಪರ್ ಬಂತು. ಲೇಖನ 2012ರದ್ದು ಅಂತಾರೆ, ಅಷ್ಟು ವರ್ಷ ಯಾರೂ ಮುಟ್ಟಿಲ್ಲ, ಈಗ ಒಬ್ಬರು ಮಾತ್ರ. ಪತ್ರಿಕೆಯ ಸ್ವಂತ ಸೈಟ್‌ಗೆ ಹೋಗಿ 2012ರ ಆ ಸಂಚಿಕೆಯ ಪರಿವಿಡಿ ತೆಗೆದೆ. ಹೇಳಿದ ಪುಟಗಳಲ್ಲಿ ಬೇರೊಬ್ಬರ ಲೇಖನ ಇತ್ತು. ಯಾರದೋ ಪಟ್ಟಿಯೊಳಗೆ ಹೊಕ್ಕ ಸುಳ್ಳು ಸ್ಕಾಲರ್‌ಗೆ ಬಂದು, ಅಲ್ಲಿಂದ ನಮ್ಮ ಹುಡುಗಿಗೆ ಸಾಕ್ಷಿಯಾಗಿ ನಿಂತಿತ್ತು. ಕೊನೆಯ ಮಾತು ಆ ಪರಿವಿಡಿಯದ್ದೇ. ಸಂಚಿಕೆ ಇದೆ, ಪುಟ ಇದೆ, ಆ ಪುಟದಲ್ಲಿ ಯಾರಿದ್ದಾರೆ ಅಂತ ನೋಡಿದರೆ ವಾದಕ್ಕೆ ಜಾಗ ಉಳಿಯುವುದಿಲ್ಲ.

ಇಂಥ ಸಾಲುಗಳನ್ನು ಎಐ ಟೂಲ್ ಹುಟ್ಟಿಸಿರಬಹುದು ಅಂದೆ. ಎಐ ಟೂಲ್‌ಗಳು ಹೀಗೇಕೆ ಮಾಡುತ್ತವೆ ಅಂತ ಎಚ್‌ಒಡಿ ಕೇಳಿದರು. ಈ ಟೂಲ್‌ಗಳ ಒಳಗಿರುವ ಭಾಷಾ ಮಾದರಿ ಯಾವುದೋ ಕ್ಯಾಟಲಾಗ್ ತೆಗೆದು ನೋಡಿ ಬರೆಯುವುದಲ್ಲ. ಇಂಥ ವಿಷಯಕ್ಕೆ ಎಂಥ ಹೆಸರು, ಎಂಥ ಪತ್ರಿಕೆ, ಎಂಥ ಶೀರ್ಷಿಕೆ ಬರುವ ಸಾಧ್ಯತೆ ಜಾಸ್ತಿಯೋ ಅದನ್ನು ಪದಕ್ಕೆ ಪದ ಜೋಡಿಸುತ್ತದೆ. ವೆಬ್‌ನಲ್ಲಿ ಹುಡುಕಿ ಬರೆಯುವ ಟೂಲ್‌ಗಳಲ್ಲಿ ಇದು ಕಡಿಮೆ, ಆದರೆ ನಿಂತಿಲ್ಲ. ಲೇಖಕರು ನಿಜ, ಆ ಕ್ಷೇತ್ರದವರೇ. ಪತ್ರಿಕೆ ನಿಜ. ಲೇಖನ ಮಾತ್ರ ಇಲ್ಲ. ಇನ್ನೊಂದು ಗುರುತು ಶೀರ್ಷಿಕೆಯಲ್ಲೇ ಇರುತ್ತದೆ. ಆ ನಾಲ್ಕರಲ್ಲೂ ಶೀರ್ಷಿಕೆ ವಿದ್ಯಾರ್ಥಿನಿಯ ವಾಕ್ಯಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಹಾಸನ, ಕಾಫಿ, ಮಹಿಳೆ, ಕೂಲಿ ತಾರತಮ್ಯ ಎಲ್ಲ ಒಂದೇ ಶೀರ್ಷಿಕೆಯಲ್ಲಿ. ನಿಜವಾದ ಸಂಶೋಧನೆ ಅಷ್ಟು ಸಲೀಸಾಗಿ ನಮ್ಮ ವಿಷಯಕ್ಕೆ ಕೂರುವುದಿಲ್ಲ. ಒಂದು ಕೊಡಗಿನದ್ದು ಇರುತ್ತದೆ, ಇನ್ನೊಂದು ಅಸ್ಸಾಂ ಚಹಾ ತೋಟದ್ದು, ಇನ್ನೊಂದು ಬರೀ ಬೆಲೆಯ ಬಗ್ಗೆ.

ಇಷ್ಟಾದ ಮೇಲೆ ಕೋಣೆಯ ಗಾಳಿಯೇ ಬದಲಾಯಿತು. ಎಚ್‌ಒಡಿ ಪೆನ್ ಹಿಡಿದು ಪಟ್ಟಿ ಪೂರ್ತಿ ಹೊಡೆಯಲು ಶುರು ಮಾಡಿದರು. ಹಾಸನ ಜಿಲ್ಲಾ ಗೆಜೆಟಿಯರ್ ಸಾಲಿಗೆ ಬಂದು, 'ಇದಕ್ಕೂ ಡಿಒಐ ಇಲ್ಲ, ಇದೂ ಅದೇ ಜಾತಿ' ಅಂದರು. ನಾನು ತಡೆದೆ. ನಮ್ಮ ರೆಫರೆನ್ಸ್ ವಿಭಾಗದಲ್ಲಿ ಆ ಗೆಜೆಟಿಯರ್ ಇದೆ. ಹೋಗಿ ತಂದು ಅವಳು ಬರೆದ ಪುಟ ತೆಗೆದೆ. ಅಲ್ಲಿ ತೋಟಗಳ ಬಗ್ಗೆ ಅವಳು ಹೇಳಿದ್ದು ಹಾಗೇ ಇತ್ತು. ಕನ್ನಡ ಪುಸ್ತಕಗಳು, ಗೆಜೆಟಿಯರ್, ಕಾಫಿ ಬೋರ್ಡ್‌ನ ಹಳೆಯ ವರದಿಗಳಿಗೆ ಸಾಮಾನ್ಯವಾಗಿ ಡಿಒಐ ಇರುವುದಿಲ್ಲ. ಕ್ರಾಸ್‌ರೆಫ್‌ನಲ್ಲಿ ಇರುವುದು ಪ್ರಕಾಶಕರು ನೋಂದಾಯಿಸಿದ್ದು ಮಾತ್ರ. ಅಲ್ಲಿ ಸಿಗಲಿಲ್ಲ ಅಂತ ಸುಳ್ಳು ಅಂದರೆ, ನಮ್ಮ ಜಿಲ್ಲೆಯ ಬಗ್ಗೆ ನಿಜವಾಗಿ ಕೂತು ಓದಿದವರೇ ಮೊದಲು ಸಿಕ್ಕಿಹಾಕಿಕೊಳ್ಳುತ್ತಾರೆ. ಕಪಾಟು ನೋಡದೆ ಅಂಥ ಸಾಲನ್ನು ಹೊಡೆಯಬಾರದು.

ಅದೇ ಗೆಜೆಟಿಯರ್ ನಮ್ಮನ್ನು ಇನ್ನೊಂದು ಪ್ರಶ್ನೆಗೆ ತಂದು ನಿಲ್ಲಿಸಿತು. ಪ್ರಾಜೆಕ್ಟ್ ಪೂರ್ತಿ ಯಂತ್ರದ್ದಾ? 'ಸರ್, ಕೂಲಿಯವರ ಲೈನ್ ಮನೆಗಳಿಗೆಲ್ಲ ನಾನೇ ಹೋಗಿದ್ದೆ' ಅಂದಳು ಹುಡುಗಿ, ಕಣ್ಣು ತುಂಬಿಕೊಂಡು. ಬ್ಯಾಗಿನಿಂದ ಪ್ರಶ್ನಾವಳಿ ಹಾಳೆಗಳನ್ನು ತೆಗೆದಳು. ಹೆಬ್ಬೆಟ್ಟಿನ ಗುರುತು, ಬೇರೆ ಬೇರೆ ಪೆನ್ನು, ಕಾಫಿ ಕಲೆ. ಎಕ್ಸ್‌ಟರ್ನಲ್ ಒಂದೊಂದನ್ನೇ ಪ್ರಾಜೆಕ್ಟ್‌ನ ಅಂಕಿಅಂಶದ ಟೇಬಲ್‌ಗಳ ಜೊತೆ ಹೋಲಿಸಿದರು. ಲೆಕ್ಕ ಹೊಂದಿತು. ಸುಳ್ಳು ಇದ್ದದ್ದು ಎರಡನೇ ಅಧ್ಯಾಯ, ಲಿಟರೇಚರ್ ರಿವ್ಯೂನಲ್ಲಿ ಮಾತ್ರ. ಅದನ್ನು ಟೂಲ್ ಹತ್ತಿರ ಬರೆಸಿಕೊಂಡೆ ಅಂತ ಅವಳೇ ಒಪ್ಪಿಕೊಂಡಳು. ಒಪ್ಪಿಕೊಳ್ಳದಿದ್ದರೂ ನಾವು ಹೇಳಬಹುದಾದದ್ದು ಇಷ್ಟೇ: ಈ ಲೇಖನಗಳನ್ನು ನೀನು ಓದಿಲ್ಲ, ಯಾಕಂದ್ರೆ ಇವು ಇಲ್ಲ. ಅಷ್ಟು ಸಾಕಾಗುತ್ತದೆ. ಎಐ ಡಿಟೆಕ್ಟರ್ ಕೊಡುವ ಶೇಕಡಾವನ್ನು ಯಾರ ಮುಂದೆಯೂ ಸಾಬೀತು ಮಾಡೋಕೆ ಆಗಲ್ಲ. ಇಲ್ಲದ ಲೇಖನವನ್ನು ವಿದ್ಯಾರ್ಥಿಯೇ ಕೂತು ಪರೀಕ್ಷಿಸಬಹುದು.

ಎರಡನೇ ಅಧ್ಯಾಯ ಮತ್ತೆ ಬರೆಯಬೇಕು ಅಂತ ತೀರ್ಮಾನವಾಯಿತು. ಮ್ಯಾನೇಜ್‌ಮೆಂಟ್‌ಗೆ ನಾನು ಬರೆದದ್ದು ಒಂದೇ: ಶೇಕಡಾ ಕಾಲಂ ಪಕ್ಕದಲ್ಲಿ ರೆಫರೆನ್ಸ್ ಪರಿಶೀಲನೆಗೂ ಒಂದು ಕಾಲಂ ಕೊಡಿ. 'ಸಾಫ್ಟ್‌ವೇರ್‌ಗೆ ಇಷ್ಟು ದುಡ್ಡು ಕೊಟ್ಟಿದೀವಲ್ಲ' ಅನ್ನೋ ಉತ್ತರ ಬಂತು. ಕಾಲಂ ಇಲ್ಲದಿದ್ದರೂ ಈಗ ಪ್ರತಿ ಪ್ರಾಜೆಕ್ಟ್‌ನಿಂದ ಐದು ರೆಫರೆನ್ಸ್ ನಾನೇ ಆರಿಸಿ ನೋಡುತ್ತೇನೆ. ಮೊದಲು ತೆಗೆಯೋದು ಶೀರ್ಷಿಕೆ ವಿಷಯಕ್ಕೆ ತೀರಾ ಚೆನ್ನಾಗಿ ಹೊಂದುವಂಥವನ್ನು. ಅವುಗಳ ಮೊದಲ ಪುಟದ ಪ್ರಿಂಟ್ ತರಲು ಹೇಳುತ್ತೇನೆ.

ಹುಡುಗಿ ತಿದ್ದಿ ತಂದ ಪಟ್ಟಿ ಮೊದಲಿಗಿಂತ ಅರ್ಧ ಇತ್ತು, ಎಲ್ಲವೂ ಸಿಕ್ಕವು. ಆದರೂ ಒಂದನ್ನು ಗೈಡ್ ಮೇಡಂ ಹಿಡಿದರು. ಲೇಖನ ನಿಜ, ಡಿಒಐ ಸರಿ, ಪುಟ ಸರಿ. ಆದರೆ ಅದು ಕೇರಳದ ಚಹಾ ತೋಟಗಳ ಬಗ್ಗೆ. ಇವಳ ವಾಕ್ಯ ನಮ್ಮ ಕಾಫಿ ತೋಟಗಳ ಕೂಲಿ ಬಗ್ಗೆ ಇತ್ತು. ಇದನ್ನು ಕ್ರಾಸ್‌ರೆಫ್ ಹಿಡಿಯುವುದಿಲ್ಲ, ನನ್ನ ಐದರ ಪರೀಕ್ಷೆಯೂ ಹಿಡಿಯುವುದಿಲ್ಲ. ಮೇಡಂ ಲೇಖನ ತೆರೆದು ಓದಿದ್ದರಿಂದ ಸಿಕ್ಕಿತು. ಆ ವಾಕ್ಯ ತೆಗೆಸಿ ಸಹಿ ಹಾಕಿದರು.