ಕ್ರಿಯಾಟಿನಿನ್ ಏರಿದಾಗ ಮೊದಲು ಹೊಟ್ಟೆಯ ಕೆಳಭಾಗ ಮುಟ್ಟಿ

ಕಿಡ್ನಿ ಏಕಾಏಕಿ ಸೋತು ಕ್ರಿಯಾಟಿನಿನ್ ಏರಲು ಕಾರಣ ಮೂರು ಬಗೆ: ಕಿಡ್ನಿಗೆ ರಕ್ತ ಸಾಲದಿದ್ದರೆ ಪ್ರೀರೀನಲ್, ಕಿಡ್ನಿಯೊಳಗೇ ಕೆಟ್ಟಿದ್ದರೆ ಇಂಟ್ರಿನ್ಸಿಕ್, ಮೂತ್ರದ ದಾರಿ ಕಟ್ಟಿದ್ದರೆ ಪೋಸ್ಟ್‌ರೀನಲ್. ಓದುವಾಗ ಇದೇ ಕ್ರಮ ಸರಿ. ವಾರ್ಡಿನಲ್ಲಿ ಮಾತ್ರ ಕೊನೆಯದರಿಂದ ಶುರು ಮಾಡುವುದು ವಾಸಿ, ಏಕೆಂದರೆ ಬೇಗ ಪತ್ತೆಯಾಗುವುದೂ ಬೇಗ ಸರಿಹೋಗುವುದೂ ಅದೇ.

ಒಂದು ಮಾದರಿ ಕೇಸು ನೋಡೋಣ. ವಯಸ್ಸು 64, ತೂಕ 60 ಕಿಲೊ, ಎರಡು ದಿನದಿಂದ ಭೇದಿ. ಬಿಪಿಗೆ ಟೆಲ್ಮಿಸಾರ್ಟನ್, ಮಂಡಿನೋವಿಗೆ ಡೈಕ್ಲೋಫೆನಾಕ್. ಆರು ಗಂಟೆಯಲ್ಲಿ ಬಂದ ಮೂತ್ರ 100 ಎಂಎಲ್. ಈ ತೂಕಕ್ಕೆ ಕನಿಷ್ಠ 180 ಬರಬೇಕಿತ್ತು. ಕ್ರಿಯಾಟಿನಿನ್ 2.8, ಯೂರಿಯಾ 150.

ಮೊದಲು ಹೊಕ್ಕುಳ ಕೆಳಗೆ ಬೆರಳಿನಿಂದ ತಟ್ಟಿ. ಮಂದ ಸದ್ದು ಬಂದರೆ ಬ್ಲಾಡರ್ ತುಂಬಿದೆ. ಸ್ಕ್ಯಾನ್ ಕೈಗೆ ಸಿಗುವಂತಿದ್ದರೆ ಅದರಲ್ಲೂ ನೋಡಿ. ಕ್ಯಾಥಿಟರ್ ಈಗಾಗಲೇ ಇದೆಯೆಂದು ಸುಮ್ಮನಾಗಬೇಡಿ, ಅದೇ ಕಟ್ಟಿಕೊಂಡಿರಬಹುದು. ಸಲೈನ್ ಹಾಕಿ ಫ್ಲಶ್ ಮಾಡಿ. ಮೂತ್ರ ಸರಾಗ ಬರುತ್ತಿದೆ ಅಂದ ಮಾತ್ರಕ್ಕೆ ಅಡಚಣೆ ಇಲ್ಲ ಎಂದೂ ಅಲ್ಲ: ಅರ್ಧ ಕಟ್ಟಿದ ದಾರಿಯಲ್ಲೂ ಮೂತ್ರ ಬರುತ್ತದೆ. ನಮ್ಮ ಕೇಸಿನಲ್ಲಿ ಬ್ಲಾಡರ್ ಖಾಲಿ, ಸ್ಕ್ಯಾನಿನಲ್ಲಿ ಕಿಡ್ನಿಗಳು ಊದಿಲ್ಲ.

ಈಗ ಬಿಪಿ. ಮಲಗಿದಾಗ 104, ನಿಂತ ಮೇಲೆ 82. ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ ಎಂದು ಅನುಮಾನಿಸಲು ಮೂರು ನಿಮಿಷದೊಳಗೆ 20 ಇಳಿದರೆ ಸಾಕು, ಇಲ್ಲಿ 22 ಇಳಿದಿದೆ. ಕಂಕುಳು ಒಣಗಿದೆ, ಕತ್ತಿನ ರಕ್ತನಾಳ ಎದ್ದು ಕಾಣುತ್ತಿಲ್ಲ. ಡೈಕ್ಲೋಫೆನಾಕ್ ಕಿಡ್ನಿಗೆ ರಕ್ತ ತರುವ ನಾಳ ಹಿಗ್ಗದಂತೆ ತಡೆಯುತ್ತದೆ, ಟೆಲ್ಮಿಸಾರ್ಟನ್ ಹೊರಗೊಯ್ಯುವ ನಾಳವನ್ನು ಸಡಿಲಿಸುತ್ತದೆ; ಭೇದಿಯೂ ಸೇರಿದರೆ ಸೋಸುವ ಒತ್ತಡವೇ ಕುಸಿಯುತ್ತದೆ. ಎರಡನ್ನೂ ನಿಲ್ಲಿಸಿ. ಮೂತ್ರದ ಸೋಡಿಯಂ 14, ಮೂತ್ರದ ಕ್ರಿಯಾಟಿನಿನ್ 110, ರಕ್ತದ ಸೋಡಿಯಂ 136:

```
FeNa = (14 × 2.8) ÷ (136 × 110) × 100 = 0.26%
```

1%ಗಿಂತ ಕಡಿಮೆ, ಅಂದರೆ ಕಿಡ್ನಿ ಉಪ್ಪನ್ನು ಬಿಗಿಹಿಡಿದಿದೆ: ಪ್ರೀರೀನಲ್. ಫ್ರುಸೆಮೈಡ್ ಕೊಟ್ಟ ಮೇಲೆ ಈ ಲೆಕ್ಕ ನಂಬಬೇಡಿ. ಇನ್ನೊಂದು ಎಡವಟ್ಟು: ಪ್ರೀರೀನಲ್ ಎನ್ನಲು ಕ್ರಿಯಾಟಿನಿನ್ ಜೊತೆ ಹೋಲಿಸಿ ನೋಡುವ 20:1 ಎಂಬ ಅನುಪಾತ ಬನ್‌ಗೆ, ಅಂದರೆ ಯೂರಿಯಾದೊಳಗಿನ ನೈಟ್ರೋಜನ್‌ಗೆ ಹೇಳಿದ್ದು. ನಮ್ಮ ಲ್ಯಾಬುಗಳು ಸಾಮಾನ್ಯವಾಗಿ ಕೊಡುವುದು ಯೂರಿಯಾ, ಅದನ್ನು 2.14ರಿಂದ ಭಾಗಿಸಿ. ಇಲ್ಲಿ 150 ಅಂದರೆ 70, ಅನುಪಾತ 25:1.

ರಿಂಗರ್ ಲ್ಯಾಕ್ಟೇಟ್ 500 ಎಂಎಲ್ ಅರ್ಧ ಗಂಟೆಯಲ್ಲಿ ಕೊಟ್ಟು, ಶ್ವಾಸಕೋಶದ ತಳದಲ್ಲಿ ಸ್ಟೆತ್ ಇಟ್ಟು ಕೇಳಿ, ಬಿಪಿ ಮತ್ತೆ ನೋಡಿ. ಹೃದಯ ಸೋತವರಲ್ಲೂ ಪ್ರೀರೀನಲ್ ಆಗುತ್ತದೆ. ಅವರ ಕಾಲು ಊದಿರುತ್ತದೆ, ಕತ್ತಿನ ನಾಳ ಉಬ್ಬಿರುತ್ತದೆ. ಅಲ್ಲಿ ಇದೇ ಬಾಟಲಿ ಉಸಿರು ಕಟ್ಟಿಸುತ್ತದೆ.

ನೀರಿನಂಶ ತುಂಬಿದ ಮೇಲೂ ಎರಡು-ಮೂರು ದಿನ ಕ್ರಿಯಾಟಿನಿನ್ ಇಳಿಯದಿದ್ದರೆ ಪೆಟ್ಟು ಕಿಡ್ನಿಯೊಳಗೇ ಬಿದ್ದಿದೆ ಎಂದು ಅನುಮಾನಿಸಿ, ಹೊಸ ಮೂತ್ರವನ್ನು ಸೆಂಟ್ರಿಫ್ಯೂಜ್ ಮಾಡಿಸಿ ನೀವೇ ಮೈಕ್ರೋಸ್ಕೋಪಿನಲ್ಲಿ ನೋಡಿ. ಕೆಸರು ಬಣ್ಣದ ಕಾಸ್ಟ್‌ಗಳಿದ್ದರೆ ನಳಿಕೆಗಳು ಸತ್ತಿವೆ. ಕೆಂಪು ರಕ್ತಕಣದ ಕಾಸ್ಟ್‌ಗಳಿದ್ದರೆ ಗ್ಲೊಮೆರುಲಸ್ ಉರಿಯೂತ, ನೆಫ್ರಾಲಜಿಗೆ ಅಂದೇ ಫೋನ್ ಮಾಡಿ. ಡಿಪ್‌ಸ್ಟಿಕ್ ರಕ್ತ ಇದೆ ಅನ್ನುತ್ತಿದೆ, ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣಗಳೇ ಇಲ್ಲ ಅಂದರೆ ಸ್ನಾಯು ಕರಗಿದ ಮಯೋಗ್ಲೋಬಿನ್ ಅಥವಾ ಒಡೆದ ರಕ್ತಕಣಗಳ ಹಿಮೋಗ್ಲೋಬಿನ್. ಗದ್ದೆಯಿಂದ ಬಂದವರಾದರೆ ಕಾಲಿನಲ್ಲಿ ಕೊಳಕುಮಂಡಲದ ಕಡಿತದ ಗುರುತು ಹುಡುಕಿ. ಇಂಥ ಕೇಸುಗಳಲ್ಲಿ ನಳಿಕೆ ಕೆಟ್ಟಿದ್ದರೂ FeNa 1%ಗಿಂತ ಕೆಳಗೇ ಇರಬಹುದು.