ರಾಗಿ ಮಾಲ್ಟ್ ಲೆಕ್ಕ: ಮೂರನೇ ತಿಂಗಳು

ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಸಂಘದ ಹತ್ತು ಮಂದಿ ಮೊಳಕೆ ರಾಗಿ ಮಾಲ್ಟ್ ಮಾಡಲು ತೊಡಗಿ ಮೂರು ತಿಂಗಳಾಯಿತು. ಈ ಸಲ ರಾಗಿ ಹುರಿದದ್ದಕ್ಕಿಂತ ಹಣ ಹಂಚಿದ್ದರ ಬಗ್ಗೆಯೇ ಬರೆಯಬೇಕು.

ಬಂಡವಾಳ 20,000 ರೂಪಾಯಿ. ಆರು ಮಂದಿ ತಲಾ 3,000 ಹಾಕಿದರು, ಕೈ ಬಿಗಿಯಿದ್ದ ನಾಲ್ವರು ತಲಾ 500. ವಾರದ ಉಳಿತಾಯವನ್ನು ಇದಕ್ಕೆ ಬೆರೆಸಿಲ್ಲ, ಅದರ ಪುಸ್ತಕವೇ ಬೇರೆ. ಮೊದಲ ತಿಂಗಳು ಉಳಿದದ್ದನ್ನು ಸಮನಾಗಿ ಹಂಚಿದೆವು. ದಿನಗಟ್ಟಲೆ ಒಲೆಯ ಮುಂದೆ ನಿಂತ ಅಕ್ಕನಿಗೂ ಎರಡು ದಿನ ಬಂದು ಚೀಟಿ ಅಂಟಿಸಿದವರಿಗೂ ಒಂದೇ ಮೊತ್ತ ಸಿಕ್ಕಿತು. ಎರಡನೇ ತಿಂಗಳು ಹಾಕಿದ ಹಣಕ್ಕೆ ತಕ್ಕಂತೆ ಹಂಚಿದೆವು. ಆ ಅಕ್ಕ ಹಾಕಿದ್ದು 500 ಮಾತ್ರ. ಅವರು ಜಗಳವಾಡಲಿಲ್ಲ, ಮರುವಾರ ಕಳೆ ಕೀಳುವ ಕೂಲಿಗೆ ಹೋದರು. ಅವರಿಲ್ಲದೆ ನಾವು ಹುರಿದ ರಾಗಿ ಬಾಣಲೆಯ ತಳ ಹಿಡಿದು ಕಹಿಯಾಯಿತು. ಅವರ ಮನೆಗೆ ಹೋಗಿ, "ಅಕ್ಕ, ತಪ್ಪಾಯಿತು, ಲೆಕ್ಕವನ್ನೇ ಬದಲಿಸುತ್ತೇವೆ" ಎಂದು ಕರೆತಂದೆವು.

ಈಗ ಕೂಲಿಯನ್ನು ಲಾಭದಲ್ಲಿ ಸೇರಿಸುವುದಿಲ್ಲ, ರಾಗಿಯ ಬೆಲೆಯಂತೆ ಅದೂ ಖರ್ಚು. ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಬರೆದು ಸಂಜೆ ಇಬ್ಬರು ಸಹಿ ಹಾಕುತ್ತಾರೆ. ಗಂಟೆಗೆ 50 ರೂಪಾಯಿ. ಒಲೆಯ ಒಂದು ಗಂಟೆಯನ್ನು ಒಂದೂವರೆ ಎಂದು ಎಣಿಸುತ್ತೇವೆ. ಸಂತೆಗೆ ಹೋಗಿ ಕೂತ ಹೊತ್ತಿಗೂ ಕೂಲಿ ಉಂಟು. ಇದನ್ನು ಒಪ್ಪಿಸಲು ಎರಡು ಸಭೆ ಬೇಕಾಯಿತು, ಏಕೆಂದರೆ ಮಾರುವುದು ಕೆಲಸವೇ ಅಲ್ಲ ಎಂದು ಹಲವರು ತಿಳಿದಿದ್ದರು.

ಈ ತಿಂಗಳು 200 ಕಿಲೋ ಮಾಲ್ಟನ್ನು ಕಿಲೋಗೆ 160ರಂತೆ ಮಾರಿದೆವು, ಒಟ್ಟು 32,000. ರಾಗಿ, ಹೆಸರುಕಾಳು, ಏಲಕ್ಕಿ, ಸೌದೆ, ಮಿಲ್ಲು, ಕವರು, ಬಸ್ ಎಲ್ಲ ಸೇರಿ 14,000 ಹೋಯಿತು. ಲೆಕ್ಕಕ್ಕೆ ಬಂದ 240 ಗಂಟೆಗೆ ಕೂಲಿ 12,000. ಹಾಕಿದ ಹಣಕ್ಕೆ ನಮ್ಮ ಸಂಘದ ಸಾಲದ ದರದಂತೆಯೇ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಅಂದರೆ 200. ಕವರು ಅಂಟಿಸುವ ಯಂತ್ರದ ರಿಪೇರಿಗೆಂದು 1,800 ತೆಗೆದಿಟ್ಟೆವು. ಉಳಿದ 4,000 ಲಾಭ, ಹತ್ತು ಜನರಿಗೂ ಸಮಪಾಲು. ನಷ್ಟ ಬಂದರೂ ಹತ್ತು ಜನರೂ ಸಮನಾಗಿ ಹೊರಬೇಕೆಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ.

ಅಕ್ಕ ಒಲೆಯ ಮುಂದೆ ನಿಂತದ್ದು 32 ಗಂಟೆ, ಎಣಿಕೆಗೆ 48. ಕೂಲಿ 2,400, ಬಡ್ಡಿ 5, ಲಾಭ 400, ಒಟ್ಟು 2,805. ಹಣದ ಪಾಲಿನಂತೆ ಹಂಚಿದ್ದರೆ ಕೂಲಿಯೂ ಸೇರಿ ಅವರಿಗೆ 405 ಮಾತ್ರ ಸಿಗುತ್ತಿತ್ತು. 3,000 ಹಾಕಿ ಆರು ಗಂಟೆ ದುಡಿದ ಒಬ್ಬರಿಗೆ ಈಗ 730. ಅವರು ಪುಸ್ತಕವನ್ನು ಎರಡು ಸಲ ನೋಡಿ, "ಬಡ್ಡಿ ಬಂತಲ್ಲ, ಸರಿ" ಎಂದರು. ನನ್ನ ಮನಸ್ಸು ಹಗುರವಾಯಿತು.

ಆದರೆ 3,200 ರೂಪಾಯಿ ಇನ್ನೂ ಒಂದು ಅಂಗಡಿಯಲ್ಲಿ ಬಾಕಿಯಿದೆ. ಪುಸ್ತಕದಲ್ಲಿ ಲಾಭ 4,000 ಇದ್ದರೂ ಅದರಲ್ಲಿ ಪೆಟ್ಟಿಗೆಯಲ್ಲಿದ್ದದ್ದು 800. ಸಾಲ ತಂದು ಲಾಭ ಹಂಚುವುದು ಬೇಡವೆಂದು ಕೂಲಿ, ಬಡ್ಡಿ ಪೂರ್ತಿ ಕೊಟ್ಟು, ಲಾಭದಲ್ಲಿ ತಲಾ 80 ಮಾತ್ರ ಕೈಗಿಟ್ಟೆವು. ತಲಾ 320 ಬಾಕಿ ಎಂದು ಹತ್ತು ಹೆಸರಿನ ಮುಂದೆಯೂ ಬರೆದಿದೆ. ಸೋಮವಾರ ನಾನೂ ಅಕ್ಕನೂ ಆ ಅಂಗಡಿಗೆ ಹೋಗುತ್ತೇವೆ. ಆ ಹೊತ್ತಿಗೂ ಕೂಲಿ ಬರೆಯುತ್ತೇವೆ.