ಬೆಲ್ಲದ ಪಾಯಸಕ್ಕೆ ಹಾಲು ಯಾವಾಗ?

ವರಮಹಾಲಕ್ಷ್ಮಿ ಹಬ್ಬದ ನೈವೇದ್ಯಕ್ಕೆ ಹೆಸರುಬೇಳೆ ಪಾಯಸ ಅಂತ ಹಿಂದಿನ ದಿನವೇ ತೀರ್ಮಾನವಾಗಿತ್ತು. ತೆಂಗಿನಕಾಯಿ ಹಾಲು ತೆಗೆಯುವಷ್ಟು ಪುರುಸೊತ್ತಿಲ್ಲ, ಹಸುವಿನ ಹಾಲನ್ನೇ ಹಾಕೋಣ ಅಂದೆ. ಓರಗಿತ್ತಿಗೆ ದಿಗಿಲು. "ಅಕ್ಕಾ, ಬೆಲ್ಲಕ್ಕೆ ಹಾಲು ಬಿದ್ರೆ ಒಡೆಯುತ್ತಲ್ವಾ? ಸಕ್ಕರೆ ಹಾಕಿಬಿಡೋಣ" ಅಂದಳು. ಹೆಸರುಬೇಳೆಗೆ ಸಕ್ಕರೆ ಹಾಕಿದರೆ ಬರೀ ಸಿಹಿ ಬರುತ್ತದೆ, ಪರಿಮಳ ಬರುವುದಿಲ್ಲ. ನಾನು ಒಪ್ಪಲಿಲ್ಲ.

ಒಂದು ಲೋಟ ಬೇಳೆಯನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು, ಮೂರು ಲೋಟ ನೀರಲ್ಲಿ ಬೇಯಲು ಇಟ್ಟೆವು. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲ, ಹಾಗಾಗಿ ಎಲ್ಲವನ್ನೂ ಬೆರಳು, ಕಣ್ಣುಗಳಲ್ಲೇ ತಿಳಿಯಬೇಕು. ಬೇಳೆಯನ್ನು ಎರಡು ಬೆರಳ ನಡುವೆ ಒತ್ತಿದರೆ ನಡುವೆ ಗಟ್ಟಿ ಸಿಗದೆ ನುಣ್ಣಗಾಗಬೇಕು. ಅಲ್ಲಿಯವರೆಗೆ ಬೆಲ್ಲ ಮುಟ್ಟಬಾರದು. ಸಿಹಿ ಬಿದ್ದ ಮೇಲೆ ಬೇಳೆ ಮೆತ್ತಗಾಗುವುದು ಬಹುತೇಕ ನಿಂತೇಹೋಗುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಹಲ್ಲಿಗೆ ಸಿಗುತ್ತದೆ.

ಒಂದೂಕಾಲು ಲೋಟ ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ ಕರಗಿಸಿ, ಸೋಸಿ, ಬೇಳೆಗೆ ಸೇರಿಸಿ ಹಸಿ ವಾಸನೆ ಹೋಗುವಷ್ಟು ಕುದಿಸಿದೆವು. ಇನ್ನು ಹಾಲು. ಬೆಲ್ಲದಲ್ಲಿ ತುಸು ಹುಳಿಯ ಅಂಶ ಇರುತ್ತದೆ. ಹಳೆಯ ಬೆಲ್ಲವಾದರೆ ಇನ್ನೂ ಜಾಸ್ತಿ. ಆ ಹುಳಿಯ ಜೊತೆ ಕುದಿಯುವ ಬಿಸಿಯೂ ಸೇರಿದರೆ ಹಾಲು ಒಡೆಯುತ್ತದೆ. ಹುಳಿ ತೆಗೆಯಲು ಆಗುವುದಿಲ್ಲ, ಬಿಸಿ ಇಳಿಸಬಹುದು. ಪಾತ್ರೆಯನ್ನು ಒಲೆಯಿಂದ ಕೆಳಗಿಟ್ಟು, ಹೊರಗೆ ಕೈಯಿಟ್ಟರೆ ತಡೆದುಕೊಳ್ಳುವಷ್ಟು ಬೆಚ್ಚಗಾಗುವವರೆಗೆ ಕಾದೆವು. ಹಾಲನ್ನು ಮೊದಲೇ ಕಾಯಿಸಿ ಆರಿಸಿಟ್ಟಿದ್ದೆ.

ಆದರೂ ಒಮ್ಮೆಗೇ ಸುರಿಯಲಿಲ್ಲ. ಒಂದು ಸೌಟು ಪಾಯಸವನ್ನು ಬಟ್ಟಲಿಗೆ ತೆಗೆದು, ಎರಡು ಚಮಚ ಹಾಲು ಬೆರೆಸಿ, ಬಟ್ಟಲನ್ನು ಓರೆ ಮಾಡಿ ನೋಡಿದೆವು. ಅಂಚಿನಲ್ಲಿ ಸಣ್ಣ ಸಣ್ಣ ಬಿಳಿ ಕಾಳು ಅಂಟಿ, ನೀರು ಬೇರೆಯಾಗಿ ಇಳಿದರೆ ಒಡೆಯಿತೆಂದೇ ಲೆಕ್ಕ. ಹಾಗಾಗಲಿಲ್ಲ, ಒಂದೇ ಬಣ್ಣದಲ್ಲಿ ನುಣ್ಣಗೆ ಜಾರಿತು. ಆಮೇಲೆ ಒಂದೂವರೆ ಲೋಟ ಹಾಲನ್ನು ಸಣ್ಣ ಧಾರೆಯಾಗಿ ಸೇರಿಸಿದೆ. ಹಾಲು ಬಿದ್ದ ಮೇಲೆ ಮತ್ತೆ ಒಲೆಗೆ ಇಡಲಿಲ್ಲ. ಬಡಿಸುವಾಗ ಬಿಸಿ ಬೇಕೆಂದವರಿಗೆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕೊಟ್ಟೆವು.

ಸಂಜೆ ಕುಂಕುಮಕ್ಕೆ ಬರುವವರಿಗೆ ಶಾವಿಗೆ ಪಾಯಸ. ಅದಕ್ಕೆ ಸಕ್ಕರೆ, ಹಾಗಾಗಿ ಒಡೆಯುವ ಭಯವಿಲ್ಲ. ಕುದಿಯುವ ಹಾಲಿಗೇ ಹಾಕಬಹುದು, ಶಾವಿಗೆ ಬೆಂದಿರಬೇಕು ಅಷ್ಟೆ. ಇಲ್ಲಿ ಕಾಟ ಕೊಡುವುದು ತಳ. ದಪ್ಪ ತಳದ ಪಾತ್ರೆಯನ್ನು ನೀರಲ್ಲಿ ತೊಳೆದು, ಒರೆಸದೆ ಹಾಗೇ ಹಾಲು ಹಾಕಿ, ನಡು ಉರಿಯಲ್ಲಿ ಸೌಟನ್ನು ತಳಕ್ಕೆ ತಾಗಿಸಿ ತಿರುಗಿಸುತ್ತಿರಬೇಕು. ಅಂದು ಓರಗಿತ್ತಿ ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಸೌಟು ತಳದಲ್ಲಿ ಎಳೆದಂತಾಯಿತು. ಕೆರೆಯಲು ಹೊರಟವಳನ್ನು ತಡೆದು, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿದೆ. ಕೆರೆದಿದ್ದರೆ ಸೀದ ವಾಸನೆ ಇಡೀ ಪಾಯಸಕ್ಕೆ ಹರಡುತ್ತಿತ್ತು. ಉಳಿದ ಅಡುಗೆಯನ್ನು ಹೊಸ ಪಾತ್ರೆಯಲ್ಲೇ ಮುಗಿಸಿ, ಆರಿದಾಗ ಗಟ್ಟಿಯಾಗುತ್ತದೆಂದು ಇನ್ನೊಂದು ಲೋಟ ಕಾಯಿಸಿದ ಹಾಲು ಬೆರೆಸಿಟ್ಟೆವು.